ಸ್ಲಿದರ್‌ಲಿಂಕ್: ಸೊನ್ನೆ ಮತ್ತು ಮೂರು ಸೇರಿದಾಗ

ಸ್ಲಿದರ್‌ಲಿಂಕ್ ಎಂಬುದು ಜಪಾನಿನ ನಿಕೋಲಿ ಪ್ರಕಾಶನ ಸಂಸ್ಥೆ 1989ರಲ್ಲಿ ತನ್ನ ಒಗಟುಗಳ ಪತ್ರಿಕೆಯಲ್ಲಿ ಮೊದಲು ಪ್ರಕಟಿಸಿದ ಗೆರೆಯ ಒಗಟು. ಸುಡೊಕುವಿಗೆ ಆ ಹೆಸರು ಬಂದದ್ದೂ ಇದೇ ಸಂಸ್ಥೆಯಿಂದ. ಆದರೆ ಇಲ್ಲಿ ಅಂಕಿ ತುಂಬುವ ಕೆಲಸವಿಲ್ಲ. ಚುಕ್ಕಿಗಳ ಜಾಲವೊಂದಿರುತ್ತದೆ, ನಾಲ್ಕು ಚುಕ್ಕಿಗಳ ನಡುವಿನ ಕೆಲವು ಮನೆಗಳಲ್ಲಿ ಅಂಕಿಗಳಿರುತ್ತವೆ. ಪಕ್ಕಪಕ್ಕದ ಚುಕ್ಕಿಗಳನ್ನು ಗೆರೆಗಳಿಂದ ಸೇರಿಸುತ್ತಾ ಒಂದೇ ಒಂದು ಮುಚ್ಚಿದ ಸುತ್ತನ್ನು ರಚಿಸಬೇಕು. ಸುತ್ತು ಎಲ್ಲಿಯೂ ಕವಲೊಡೆಯಬಾರದು, ತನ್ನನ್ನು ತಾನು ದಾಟಬಾರದು. ಮನೆಯೊಳಗಿನ ಅಂಕಿ, ಆ ಮನೆಯ ನಾಲ್ಕು ಬದಿಗಳಲ್ಲಿ ಎಷ್ಟರ ಮೇಲೆ ಗೆರೆ ಹಾಯುತ್ತದೆ ಎಂದು ಹೇಳುತ್ತದೆ. ಖಾಲಿ ಮನೆ ಏನನ್ನೂ ಹೇಳುವುದಿಲ್ಲ.

ಈ ನಿಯಮಗಳಿಂದ ಒಂದು ಮಾತು ತಾನಾಗಿ ಹೊರಡುತ್ತದೆ, ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ: ಯಾವುದೇ ಚುಕ್ಕಿಗೆ ಎರಡು ಗೆರೆಗಳು ಬಂದು ಸೇರುತ್ತವೆ, ಇಲ್ಲವೇ ಒಂದೂ ಬರುವುದಿಲ್ಲ. ಒಂದೇ ಗೆರೆ ಬಂದರೆ ಸುತ್ತು ಅಲ್ಲಿಯೇ ತುಂಡಾಗುತ್ತದೆ, ಮೂರು ಬಂದರೆ ಕವಲೊಡೆಯುತ್ತದೆ.

ಹೊಸಬರು ಸಾಮಾನ್ಯವಾಗಿ ಮೂರನ್ನು ಹುಡುಕಿಕೊಂಡು ಹೋಗುತ್ತಾರೆ, ಸೊನ್ನೆಯನ್ನು ಬಿಟ್ಟುಬಿಡುತ್ತಾರೆ. ಅಲ್ಲಿ ಎಳೆಯಲು ಗೆರೆಯೇ ಇಲ್ಲವಲ್ಲ ಎಂಬುದು ಅವರ ಲೆಕ್ಕ. ಆದರೆ ಜಾಲದ ನಡುವೆ ಒಂಟಿಯಾಗಿ ನಿಂತ ಮೂರು ಹೆಚ್ಚೇನನ್ನೂ ತಿಳಿಸುವುದಿಲ್ಲ. ಅದರ ಯಾವ ಬದಿ ಖಾಲಿ ಎಂಬುದಕ್ಕೆ ನಾಲ್ಕು ಸಾಧ್ಯತೆಗಳಿವೆ. ಸೊನ್ನೆಯಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ, ನಾಲ್ಕೂ ಬದಿಗಳು ಖಾಲಿ. ಆ ನಾಲ್ಕರ ಮೇಲೂ ಮೊದಲು ಕತ್ತರಿ ಗುರುತು ಹಾಕಬೇಕು. ಇಲ್ಲಿ ಗೆರೆ ಇಲ್ಲ ಎಂಬ ತಿಳಿವಳಿಕೆ, ಇಲ್ಲಿ ಗೆರೆ ಇದೆ ಎಂಬ ತಿಳಿವಳಿಕೆಯಷ್ಟೇ ಬೆಲೆಯುಳ್ಳದ್ದು. ಗುರುತು ಹಾಕದೆ ನೆನಪಿನಲ್ಲಿಟ್ಟುಕೊಂಡರೆ ನಾಲ್ಕು ಹೆಜ್ಜೆಗಳಲ್ಲಿ ಅದು ಮರೆತುಹೋಗಿರುತ್ತದೆ.

ಸೊನ್ನೆಯ ಪಕ್ಕದಲ್ಲಿ ಮೂರು ಬಂದಾಗ ಇಬ್ಬರ ಬಲವೂ ಹೊರಬೀಳುತ್ತದೆ. ಮೂರರ ಮನೆಗೆ ಖಾಲಿ ಬಿಡಬಹುದಾದ ಬದಿ ಒಂದೇ. ಎರಡೂ ಮನೆಗಳಿಗೆ ಸೇರಿದ ಬದಿಯ ಮೇಲೆ ಸೊನ್ನೆ ಆಗಲೇ ಕತ್ತರಿ ಹಾಕಿದೆ. ಹಾಗಾಗಿ ಮೂರರ ಉಳಿದ ಮೂರೂ ಬದಿಗಳಲ್ಲಿ ಗೆರೆ ಖಚಿತ. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ, ಆದರೆ ಇನ್ನೆರಡು ಗೆರೆಗಳು ಉಚಿತವಾಗಿ ಸಿಗುತ್ತವೆ. ಆ ಜಂಟಿ ಬದಿಯ ಒಂದು ತುದಿಯ ಚುಕ್ಕಿಯನ್ನು ನೋಡಿ. ಮೂರರ ಗೆರೆಯೊಂದು ಅಲ್ಲಿಗೆ ಬಂದಿದೆ. ಜಂಟಿ ಬದಿಯೂ ಸೊನ್ನೆಯ ಬದಿಯೂ ಮುಚ್ಚಿವೆ. ಗೆರೆಗೆ ಉಳಿದಿರುವುದು ನಾಲ್ಕನೆಯ ದಾರಿ ಮಾತ್ರ. ಇನ್ನೊಂದು ತುದಿಯಲ್ಲಿಯೂ ಹಾಗೆಯೇ. ಜಾಲದ ಅಂಚಿನ ಸಾಲಿನಲ್ಲಿ ಸೊನ್ನೆ ಮತ್ತು ಮೂರು ಅಕ್ಕಪಕ್ಕ ಬರಲಾರವು ಎಂಬುದೂ ಇದರಿಂದಲೇ ಗೊತ್ತಾಗುತ್ತದೆ: ಅಂಚಿನಲ್ಲಿ ಆ ನಾಲ್ಕನೆಯ ದಾರಿಯೇ ಇರುವುದಿಲ್ಲ.

ಸೊನ್ನೆ ಮತ್ತು ಮೂರು ಓರೆಯಾಗಿ, ಒಂದು ಚುಕ್ಕಿಯಲ್ಲಿ ಮಾತ್ರ ತಾಗಿಕೊಂಡಿದ್ದರೆ ಸಿಗುವುದು ಸ್ವಲ್ಪ ಕಡಿಮೆ. ಆ ಚುಕ್ಕಿಯ ನಾಲ್ಕು ದಾರಿಗಳಲ್ಲಿ ಎರಡು ಸೊನ್ನೆಯವು, ಅವು ಮುಚ್ಚಿವೆ. ಉಳಿದ ಎರಡು ಮೂರರವು. ಚುಕ್ಕಿಯ ನಿಯಮದ ಪ್ರಕಾರ ಎರಡರಲ್ಲೂ ಗೆರೆ ಇರಬೇಕು, ಇಲ್ಲವೇ ಎರಡೂ ಖಾಲಿ ಇರಬೇಕು. ಎರಡು ಬದಿಗಳನ್ನು ಖಾಲಿ ಬಿಡುವುದು ಮೂರಕ್ಕೆ ಸಾಧ್ಯವಿಲ್ಲವಾದ್ದರಿಂದ ಎರಡರಲ್ಲೂ ಗೆರೆ ಬರುತ್ತದೆ. ಮೂರನೆಯ ಗೆರೆ ಎಲ್ಲಿ ಎಂಬುದು ಇಲ್ಲಿಂದ ಗೊತ್ತಾಗುವುದಿಲ್ಲ. ಪಕ್ಕದ ಜೋಡಿಯ ಲೆಕ್ಕವನ್ನೇ ಓರೆ ಜೋಡಿಗೂ ಹಚ್ಚಿ ಮೂರನೆಯ ಗೆರೆಯನ್ನು ಎಳೆದುಬಿಡುವುದು ಸಾಮಾನ್ಯವಾಗಿ ಆಗುವ ತಪ್ಪು.

ಈಗ ಒಂದು ಪುಟ್ಟ ಒಗಟನ್ನು ಬಿಡಿಸೋಣ. ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ, ಒಟ್ಟು ಆರು ಅಂಕಿಗಳು.

```
+   +   +   +   +
          3
+   +   +   +   +
      0   3
+   +   +   +   +
  3   3       2
+   +   +   +   +

+   +   +   +   +
```

ಮೊದಲು ಸೊನ್ನೆಯ ನಾಲ್ಕೂ ಬದಿಗಳಿಗೆ ಕತ್ತರಿ. ಅದರ ಬಲಕ್ಕಿರುವ ಮೂರಕ್ಕೆ ಮೇಲೆ, ಬಲಕ್ಕೆ, ಕೆಳಗೆ ಗೆರೆ. ಸೊನ್ನೆಯ ಕೆಳಗಿರುವ ಮೂರಕ್ಕೆ ಎಡಕ್ಕೆ, ಕೆಳಗೆ, ಬಲಕ್ಕೆ ಗೆರೆ. ಮೊದಲ ಸಾಲಿನ ಮೂರು ಸೊನ್ನೆಗೆ ಓರೆಯಾಗಿದೆ, ಆದ್ದರಿಂದ ಅದರ ಎಡಬದಿ ಮತ್ತು ಕೆಳಬದಿ ಖಚಿತ. ಮೂರನೆಯ ಸಾಲಿನ ಮೊದಲ ಮನೆಯ ಮೂರಕ್ಕೂ ಹೀಗೆಯೇ ಮೇಲ್ಬದಿ ಮತ್ತು ಬಲಬದಿ ಖಚಿತ.

ಮೊದಲ ಸಾಲಿನ ಮೂರರ ಬಲ ಕೆಳಮೂಲೆಯ ಚುಕ್ಕಿಯಲ್ಲಿ ಆಗಲೇ ಎರಡು ಗೆರೆಗಳು ಸೇರಿವೆ. ಹಾಗಾಗಿ ಆ ಮೂರರ ಬಲಬದಿ ಖಾಲಿ, ಮೇಲ್ಬದಿಯಲ್ಲಿ ಗೆರೆ. ಅಲ್ಲಿಂದ ಗೆರೆ ಮೇಲಂಚಿನಲ್ಲಿ ಬಲಮೂಲೆಗೆ ಹೋಗಿ ಬಲಂಚಿನಲ್ಲಿ ಇಳಿಯುತ್ತದೆ. ನಡುವೆ ಒಳಕ್ಕೆ ತಿರುಗಲು ಸಿಗುವ ಎರಡು ದಾರಿಗಳೂ ತುಂಬಿದ ಚುಕ್ಕಿಗಳಿಗೆ ಹೋಗಿ ಮುಟ್ಟುವುದರಿಂದ, ಗೆರೆ ಮೂರು ಮನೆಗಳಷ್ಟು ಕೆಳಕ್ಕೆ ಬರಲೇಬೇಕು. ಎಡಗಡೆಯಲ್ಲಿಯೂ ಇದೇ ತರ್ಕ: ಮೂರನೆಯ ಸಾಲಿನ ಮೊದಲ ಮೂರರ ಕೆಳಬದಿ ಖಾಲಿ, ಎಡಬದಿಯಲ್ಲಿ ಗೆರೆ. ಅದು ಎಡಮೂಲೆಗೆ ಇಳಿದು ಕೆಳಂಚಿನಲ್ಲಿ ಮೂರು ಮನೆ ಬಲಕ್ಕೆ ಸಾಗುತ್ತದೆ.

ಈಗ ಎರಡು ತುದಿಗಳು ಬಲ ಕೆಳಮೂಲೆಯ ಮನೆಯ ಎರಡು ಕಡೆ ನಿಂತಿವೆ. ಆ ಮನೆಯನ್ನು ಹೊರಗಿನಿಂದ ಸುತ್ತಿಯೂ ಸೇರಬಹುದು, ಒಳಗಿನಿಂದಲೂ ಸೇರಬಹುದು. ಇದನ್ನು ತೀರ್ಮಾನಿಸಲೆಂದೇ ಮೂರನೆಯ ಸಾಲಿನ ಕೊನೆಯಲ್ಲಿ ಎರಡು ಇದೆ. ಅದರ ಬಲಬದಿಯಲ್ಲಿ ಗೆರೆ ಬಂದಾಗಿದೆ, ಎಡಬದಿ ಮತ್ತು ಮೇಲ್ಬದಿ ಮುಚ್ಚಿವೆ. ಎರಡನೆಯ ಗೆರೆ ಕೆಳಬದಿಯಲ್ಲಿಯೇ ಬರಬೇಕು, ಅಂದರೆ ದಾರಿ ಒಳಗಿನದು.

```
+   +   +---+---+
        | 3     |
+   +   +---+   +
      0   3 |   |
+---+   +---+   +
| 3 | 3 |     2 |
+   +---+   +---+
|           |
+---+---+---+   +
```

ಎಡ ಮೇಲ್ಮೂಲೆಯ ಮನೆಯ ಸುತ್ತ ನಾಲ್ಕು ಗೆರೆಗಳನ್ನು ಎಳೆದರೂ ಯಾವ ಅಂಕಿಗೂ ಭಂಗ ಬರುವುದಿಲ್ಲ. ಆದರೆ ಆಗ ಸುತ್ತುಗಳು ಎರಡಾಗುತ್ತವೆ. ಒಂದೇ ಸುತ್ತು ಎಂಬ ನಿಯಮವೊಂದೇ ಅದನ್ನು ತಳ್ಳಿಹಾಕುತ್ತದೆ.

ಸೊನ್ನೆಯೇ ಇಲ್ಲದ ಒಗಟುಗಳೂ ಬಹಳ ಇವೆ. ಮೇಲಿನ ಒಗಟಿನಲ್ಲಿ ಸೊನ್ನೆಯನ್ನು ಅಳಿಸಿ ನೋಡಿ. ಅದರ ಬಲಕ್ಕಿದ್ದ ಮೂರು ಮತ್ತು ಕೆಳಗಿದ್ದ ಮೂರು ಒಂದಕ್ಕೊಂದು ಓರೆಯಾಗಿವೆ. ಅವು ತಾಗುವ ಚುಕ್ಕಿಗೆ ಎರಡಕ್ಕಿಂತ ಹೆಚ್ಚು ಗೆರೆಗಳು ಬರುವಂತಿಲ್ಲ. ಮೂರಕ್ಕೆ ಒಂದಕ್ಕಿಂತ ಹೆಚ್ಚು ಬದಿ ಖಾಲಿ ಬಿಡುವಂತಿಲ್ಲ. ಆದ್ದರಿಂದ ಆ ಚುಕ್ಕಿಯಲ್ಲಿ ಒಂದೊಂದು ಮೂರಕ್ಕೂ ಒಂದೊಂದೇ ಗೆರೆ, ಚುಕ್ಕಿಯಿಂದ ದೂರದ ಎರಡೆರಡು ಬದಿಗಳಲ್ಲಿ ಗೆರೆ ಖಚಿತ. ಎರಡನೆಯ ಸಾಲಿನ ಮೂರಕ್ಕೆ ಹೀಗೆ ಬಂದ ಮೇಲ್ಬದಿ ಮತ್ತು ಬಲಬದಿಯ ಗೆರೆಗಳು ಸೇರುವ ಚುಕ್ಕಿ ತುಂಬುವುದರಿಂದ, ಮೊದಲ ಸಾಲಿನ ಮೂರು ತನ್ನ ಬಲಬದಿಯನ್ನು ಕಳೆದುಕೊಂಡು ಉಳಿದ ಮೂರನ್ನೂ ಪಡೆಯುತ್ತದೆ. ಆಗ ಅದರ ಎಡ ಕೆಳಮೂಲೆಯ ಚುಕ್ಕಿಯೂ ತುಂಬಿ, ಸೊನ್ನೆಯಿದ್ದ ಮನೆಯ ಮೇಲ್ಬದಿಗೂ ಬಲಬದಿಗೂ ಕತ್ತರಿ ಬೀಳುತ್ತದೆ. ಮೂರನೆಯ ಸಾಲಿನ ಮೂರುಗಳ ಜೋಡಿ ಆ ಮನೆಯ ಎಡಬದಿಯನ್ನೂ ಕೆಳಬದಿಯನ್ನೂ ಹೀಗೆಯೇ ಮುಚ್ಚುತ್ತದೆ. ಅಳಿಸಿದ ಸೊನ್ನೆಯನ್ನು ಮೂರುಗಳೇ ಮತ್ತೆ ಬರೆದುಕೊಡುತ್ತವೆ.