ಮಲ್ಟಿಪ್ಲೆಕ್ಸರಿಗೆ ಕೆಳಗಿನ ಬಿಟ್ ಮೊದಲು, ಡಿಕೋಡರಿಗೆ ಮೇಲಿನ ಬಿಟ್ ಮೊದಲು: ಏಕೆ?

ಪ್ರಶ್ನೆ: ನಾಲ್ಕಕ್ಕೊಂದು ಮಲ್ಟಿಪ್ಲೆಕ್ಸರ್‌ಗಳಿಂದ ಹದಿನಾರಕ್ಕೊಂದನ್ನು ಕಟ್ಟುವಾಗ ಮೊದಲ ಹಂತಕ್ಕೆ S1, S0 ಕೊಡುತ್ತೇವೆ. ದೊಡ್ಡ ಡಿಕೋಡರ್ ಕಟ್ಟುವಾಗ ಮೊದಲ ಹಂತಕ್ಕೆ A3, A2 ಕೊಡುತ್ತೇವೆ. ಕ್ರಮ ತಲೆಕೆಳಗಾಗುವುದು ಏಕೆ? (ವಿದ್ಯಾರ್ಥಿನಿ, ಉಡುಪಿ)

ಉತ್ತರ: ಮೊದಲು ಮಲ್ಟಿಪ್ಲೆಕ್ಸರನ್ನು ನೋಡೋಣ. I0ಯಿಂದ I15ರ ವರೆಗಿನ ಇನ್‌ಪುಟ್‌ಗಳನ್ನು ನಾಲ್ಕು ನಾಲ್ಕಾಗಿ ನಾಲ್ಕು ಮಲ್ಟಿಪ್ಲೆಕ್ಸರ್‌ಗಳಿಗೆ ಹಂಚಿ, ಅವುಗಳ ಔಟ್‌ಪುಟ್‌ಗಳನ್ನು ಐದನೆಯದಕ್ಕೆ ಕೊಡುತ್ತೇವೆ. ಒಂದೇ ಗುಂಪಿನೊಳಗಿನ ಇನ್‌ಪುಟ್‌ಗಳ ಸಂಖ್ಯೆಗಳಲ್ಲಿ ಬದಲಾಗುವುದು ಕೆಳಗಿನ ಎರಡು ಬಿಟ್‌ಗಳು ಮಾತ್ರ. ಆದ್ದರಿಂದ ಗುಂಪಿನೊಳಗಿನ ಆಯ್ಕೆ S1, S0ಗಳದ್ದು, ಗುಂಪುಗಳ ನಡುವಿನ ಆಯ್ಕೆ S3, S2ಗಳದ್ದು. ಸೆಲೆಕ್ಟ್ 1011 ಇದ್ದಾಗ ಮೊದಲ ಹಂತದಿಂದ I3, I7, I11, I15 ಹೊರಬರುತ್ತವೆ, ಐದನೆಯದು 10ರ ಪ್ರಕಾರ ಅವುಗಳಲ್ಲಿ ಮೂರನೆಯದಾದ I11ನ್ನು ಆರಿಸುತ್ತದೆ. 74153 ಐಸಿಯೊಳಗಿನ ಎರಡು ಮಲ್ಟಿಪ್ಲೆಕ್ಸರ್‌ಗಳಿಗೆ ಸೆಲೆಕ್ಟ್ ತಂತಿಗಳು ಹೇಗೂ ಸಮಾನವಾಗಿರುವುದರಿಂದ ಅಂತಹ ಎರಡು ಐಸಿಗಳು ಮೊದಲ ಹಂತಕ್ಕೆ ಹೇಳಿ ಮಾಡಿಸಿದಂತಿವೆ. ಮೂರನೆಯ ಐಸಿಯಲ್ಲಿ ಅರ್ಧ ಸುಮ್ಮನೆ ಉಳಿಯುತ್ತದೆ.

ಲ್ಯಾಬಿನಲ್ಲಿ ಸಾಮಾನ್ಯವಾಗಿ ಆಗುವ ತಪ್ಪೆಂದರೆ ಈ ಎರಡು ಜೋಡಿಗಳು ಅದಲುಬದಲಾಗುವುದು. ಆಗ 1011ಕ್ಕೆ I14 ಬರುತ್ತದೆ. ಆದರೆ 0000, 0101, 1010, 1111 ಕೊಟ್ಟು ಪರೀಕ್ಷಿಸಿದವರಿಗೆ ತಪ್ಪು ಕಾಣುವುದೇ ಇಲ್ಲ, ಏಕೆಂದರೆ ಇವುಗಳಲ್ಲಿ ಎರಡೂ ಜೋಡಿಗಳು ಒಂದೇ. 0001 ಕೊಟ್ಟು ನೋಡಿ: I1ರ ಬದಲು I4 ಬಂದರೆ ಜೋಡಿ ಅದಲುಬದಲಾಗಿದೆ ಎಂದು ತಿಳಿಯಬೇಕು.

ಡಿಕೋಡರಿನಲ್ಲಿ ಹರಿವು ಎದುರು ದಿಕ್ಕಿನದು: ಹಲವು ಇನ್‌ಪುಟ್‌ಗಳು ಒಂದಾಗುವುದಲ್ಲ, ಒಂದು ಆಜ್ಞೆ ಹದಿನಾರು ಕವಲುಗಳಲ್ಲಿ ಒಂದಕ್ಕೆ ಇಳಿಯುವುದು. ಉಡುಪಿಯ 576101 ಎಂಬ ಪಿನ್‌ಕೋಡಿನ ಕಾಗದವನ್ನು ವಿಂಗಡಿಸುವಾಗ 576ನ್ನು ಮೊದಲು ನೋಡಿ, ಊರಿನ ಕಡೆಗೆ ಬಂದ ಮೇಲಷ್ಟೇ 101ನ್ನು ನೋಡುವಂತೆ, ಇಲ್ಲಿಯೂ ಗುಂಪು ಮೊದಲು ನಿರ್ಧಾರವಾಗಬೇಕು. ಹಾಗಾಗಿ A3, A2 ಮೊದಲ ಎರಡು-ನಾಲ್ಕು ಡಿಕೋಡರಿಗೆ ಹೋಗುತ್ತವೆ, ಅದರ ನಾಲ್ಕು ಔಟ್‌ಪುಟ್‌ಗಳು ಮುಂದಿನ ನಾಲ್ಕು ಡಿಕೋಡರ್‌ಗಳ ಎನೇಬಲ್‌ಗಳಿಗೆ ಹೋಗುತ್ತವೆ, A1, A0 ಆ ನಾಲ್ಕಕ್ಕೂ ಸಮಾನವಾಗಿರುತ್ತವೆ. 1011 ಕೊಟ್ಟರೆ ಮೂರನೆಯ ಡಿಕೋಡರ್ ಮಾತ್ರ ಎಚ್ಚರಗೊಂಡು ತನ್ನ ಕೊನೆಯ ಔಟ್‌ಪುಟ್ ಆದ Y11ನ್ನು ಸಕ್ರಿಯಗೊಳಿಸುತ್ತದೆ. ಎರಡು ಚಿತ್ರಗಳಲ್ಲಿಯೂ ಕೆಳಗಿನ ಬಿಟ್‌ಗಳು ನಾಲ್ಕರ ಸಾಲಿಗೇ, ಮೇಲಿನ ಬಿಟ್‌ಗಳು ಒಂಟಿಯಾಗಿರುವುದಕ್ಕೇ ಸೇರಿವೆ; ತಿರುಗಿದ್ದು ಹಂತಗಳ ಕ್ರಮವೇ ಹೊರತು ಬಿಟ್‌ಗಳ ಕೆಲಸವಲ್ಲ.

ಎನೇಬಲ್ ವಿಷಯದಲ್ಲಿ ಒಂದು ಎಚ್ಚರಿಕೆ. 74139 ಎಂಬ ಎರಡು-ನಾಲ್ಕು ಡಿಕೋಡರ್ ಐಸಿಯಲ್ಲಿ ಔಟ್‌ಪುಟ್ ಮತ್ತು ಎನೇಬಲ್ ಎರಡೂ 0 ಆದಾಗ ಸಕ್ರಿಯವಾಗುವುದರಿಂದ ಒಂದರಿಂದ ಇನ್ನೊಂದಕ್ಕೆ ನೇರವಾಗಿ ತಂತಿ ಎಳೆಯಬಹುದು. ಮೊದಲ ಡಿಕೋಡರನ್ನು ಮಾತ್ರ ಆ್ಯಂಡ್ ಗೇಟ್‌ಗಳಿಂದ ಕಟ್ಟಿದ್ದರೆ ಅದು ಆರಿಸಿದ ಗುಂಪಿಗೆ 1, ಉಳಿದವಕ್ಕೆ 0 ಹೋಗುತ್ತದೆ. ನಡುವೆ ಇನ್ವರ್ಟರ್ ಹಾಕದಿದ್ದಲ್ಲಿ ಬೇಕಾದ ಗುಂಪು ಮಲಗಿ, ಬೇಡವಾದ ಮೂರೂ ಗುಂಪುಗಳಲ್ಲಿ ಒಂದೊಂದು ಔಟ್‌ಪುಟ್ ಒಟ್ಟಿಗೆ ಸಕ್ರಿಯವಾಗುತ್ತದೆ.