ಫೋಟೊ ಕೆಳಗೆ ಬರೆಯದೇ ಬಿಟ್ಟ ಸಾಲು

ಯುಪಿಎಸ್‌ಸಿ ಫಲಿತಾಂಶ ಬಂದ ಮರುದಿನ ಪೇಪರ್ ತೆಗೆದು ನೋಡಿ. ಪುಟದ ತುಂಬ ಪಾಸ್‌ಪೋರ್ಟ್ ಸೈಜಿನ ಮುಖಗಳು, ಪ್ರತಿ ಮುಖದ ಕೆಳಗೆ ದಪ್ಪ ಅಕ್ಷರದಲ್ಲಿ ರ‍್ಯಾಂಕ್. ಅದೇ ಮುಖ ಇನ್ನೊಂದು ಕೋಚಿಂಗ್ ಸಂಸ್ಥೆಯ ಜಾಹೀರಾತಿನಲ್ಲೂ ಇರುತ್ತದೆ. ಕೆಲವೊಮ್ಮೆ ಮೂರನೆಯದರಲ್ಲೂ. ಒಬ್ಬಳೇ ಹುಡುಗಿ ಒಂದೇ ವರ್ಷ ಮೂರು ಕಡೆ ಓದಿದ್ದು ಹೇಗೆ? ವಿಜಯನಗರದಲ್ಲೋ ಧಾರವಾಡದಲ್ಲೋ ರೂಮ್ ಮಾಡಿಕೊಂಡು ಓದುವ ಹುಡುಗರಿಗೆ ಉತ್ತರ ಗೊತ್ತು. ಊರಲ್ಲಿ ಕೂತು ಫೀಸಿಗೆ ದುಡ್ಡು ಹೊಂದಿಸುವ ಅಪ್ಪ ಅಮ್ಮನಿಗೆ ಗೊತ್ತಿರುವುದಿಲ್ಲ.

2022ರ ಸಿವಿಲ್ ಸರ್ವೀಸಸ್ ಪರೀಕ್ಷೆಯನ್ನೇ ತೆಗೆದುಕೊಳ್ಳೋಣ. ಆ ಸಲ ಆಯ್ಕೆಯಾದವರು 933 ಮಂದಿ. ಅವರಲ್ಲಿ 682 ಜನ ನಮ್ಮವರು ಎಂದು ದೆಹಲಿಯ ಖಾನ್ ಸ್ಟಡಿ ಗ್ರೂಪ್ ಜಾಹೀರಾತು ಕೊಟ್ಟಿತು. ಅಂದರೆ ನಾಲ್ವರಲ್ಲಿ ಹತ್ತಿರ ಹತ್ತಿರ ಮೂವರು. ಓದಿದ ಯಾರಿಗಾದರೂ ಏನನ್ನಿಸುತ್ತದೆ? ಇಲ್ಲಿ ಸೇರಿದರೆ ಕೆಲಸ ಆದ ಹಾಗೇ ಅನ್ನಿಸುತ್ತದೆ, ಅಲ್ವಾ?

ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಆ ಕೋಚಿಂಗ್ ಸಂಸ್ಥೆಯಿಂದ ವಿವರ ಕೇಳಿತು. 682ರಲ್ಲಿ 674 ಮಂದಿ ಬಂದಿದ್ದು ಅಣಕು ಸಂದರ್ಶನಕ್ಕೆ ಮಾತ್ರ, ಅದೂ ಉಚಿತ ಕಾರ್ಯಕ್ರಮ ಎಂದು ಪ್ರಾಧಿಕಾರದ ಆದೇಶ ಹೇಳಿತು. ಬೇರೆ ಕೋರ್ಸ್‌ಗಳಿಂದ ಬಂದವರು ಎಂಟೇ ಜನ.

ಇದು ಎಷ್ಟು ದೊಡ್ಡ ವ್ಯತ್ಯಾಸ ಎನ್ನುವುದು ಪರೀಕ್ಷೆಯ ಲೆಕ್ಕ ಗೊತ್ತಿದ್ದರೆ ತಿಳಿಯುತ್ತದೆ. ಮೊದಲು ಪ್ರಿಲಿಮ್ಸ್. ಲಕ್ಷಗಟ್ಟಲೆ ಜನ ಬರೆದು ಅಲ್ಲೇ ಉದುರುತ್ತಾರೆ. ಉಳಿದವರಿಗೆ 1750 ಅಂಕದ ಮೇನ್ಸ್. ಅದನ್ನೂ ದಾಟಿದವರಿಗೆ 275 ಅಂಕದ ಸಂದರ್ಶನ. ಅಣಕು ಸಂದರ್ಶನಕ್ಕೆ ಬರುವವರು ಮೊದಲ ಎರಡು ಬೆಟ್ಟ ಆಗಲೇ ಹತ್ತಿದವರು. ಅವರನ್ನು ಒಂದೆರಡು ಗಂಟೆ ಕೂರಿಸಿ ಪ್ರಶ್ನೆ ಕೇಳಿ, ಆಮೇಲೆ ಫೋಟೊ ಹಾಕಿಕೊಂಡರೆ ವರ್ಷಗಟ್ಟಲೆ ಪಾಠ ಮಾಡಿದ ಹಾಗೆ ಕಾಣುತ್ತದೆ. ಮೂರು ಕಡೆ ಅಣಕು ಸಂದರ್ಶನಕ್ಕೆ ಹೋದವಳ ಮುಖ ಮೂರು ಜಾಹೀರಾತಿನಲ್ಲಿ ಬರುವುದೂ ಹೀಗೇ.

ಪ್ರಾಧಿಕಾರ ₹5 ಲಕ್ಷ ದಂಡ ಹಾಕಿತು. ಫೋಟೊ ನಿಜ, ಹೆಸರು ನಿಜ, ರ‍್ಯಾಂಕ್ ನಿಜ, ಅವರು ಆ ಸಂಸ್ಥೆಯ ಬಾಗಿಲಿಗೆ ಬಂದಿದ್ದೂ ನಿಜ. ತಪ್ಪು ಇದ್ದದ್ದು ಬರೆಯದೇ ಬಿಟ್ಟ ಸಾಲಿನಲ್ಲಿ: ಇವರು ಯಾವ ಕೋರ್ಸ್ ಮಾಡಿದರು?

ಬರೆಯದೇ ಬಿಟ್ಟ ಸಾಲನ್ನು ಹಿಡಿಯಲು ನಮ್ಮ ಕಾನೂನಿಗೆ ಬಹಳ ವರ್ಷ ಬೇಕಾಯಿತು. 1954ರಲ್ಲಿ ಬಂದ ಮಾಂತ್ರಿಕ ಔಷಧಗಳ ಕಾಯ್ದೆ ರೋಗಗಳ ಒಂದು ಪಟ್ಟಿ ಇಟ್ಟುಕೊಂಡು, ಇವುಗಳನ್ನು ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡಬೇಡಿ ಎಂದಿತು. 1984ರಲ್ಲಿ ಏಕಸ್ವಾಮ್ಯ ತಡೆ ಕಾಯ್ದೆಗೆ ತಿದ್ದುಪಡಿಯಾಗಿ, ಸರಕಿನ ಬಗ್ಗೆ ಸುಳ್ಳು ಹೇಳುವುದು ಅನ್ಯಾಯದ ವ್ಯಾಪಾರ ಎಂದಾಯಿತು. 1985ರಲ್ಲಿ ಜಾಹೀರಾತು ಕ್ಷೇತ್ರದವರೇ ಸೇರಿ ಆಸ್ಕಿ ಎಂಬ ಮಂಡಳಿ ಕಟ್ಟಿಕೊಂಡರು. ಕೇಳಿದರೆ ಪುರಾವೆ ತೋರಿಸಬೇಕು ಎನ್ನುವ ಶಿಸ್ತು ಆಫೀಸುಗಳಲ್ಲಿ ಬೆಳೆದಿದ್ದರಲ್ಲಿ ಅದರ ಪಾಲು ದೊಡ್ಡದು. ಆದರೆ ದಂಡ ಹಾಕುವ ಅಧಿಕಾರ ಅದಕ್ಕಿಲ್ಲ. 1986ರ ಗ್ರಾಹಕ ಕಾಯ್ದೆ ಬಂದ ಮೇಲೆ ನಷ್ಟವಾದವರು ಗ್ರಾಹಕ ವೇದಿಕೆಗೆ ಹೋಗಬಹುದಿತ್ತು. ಪರೀಕ್ಷೆಯಲ್ಲಿ ಫೇಲಾದ ಹುಡುಗ ಜಾಹೀರಾತಿನ ಮೇಲೆ ಕೇಸ್ ಹಾಕಿಕೊಂಡು ಅಲೆದಾಡುತ್ತಾನಾ? ಮುಂದಿನ ಅಟೆಂಪ್ಟ್‌ಗೆ ಓದಲು ಕೂರುತ್ತಾನೆ.

ತಿರುವು ಬಂದಿದ್ದು 2019ರ ಹೊಸ ಕಾಯ್ದೆಯಲ್ಲಿ. ದಾರಿ ತಪ್ಪಿಸುವ ಜಾಹೀರಾತು ಎಂದರೇನು ಎಂದು ಅದು ಬಿಡಿಸಿ ಬರೆಯಿತು. ಸುಳ್ಳು ವಿವರಣೆ, ಸುಳ್ಳು ಗ್ಯಾರಂಟಿ ಮುಂತಾದವುಗಳ ಜೊತೆಗೆ, ಮುಖ್ಯ ಮಾಹಿತಿಯನ್ನು ಬೇಕೆಂದೇ ಮುಚ್ಚಿಡುವುದನ್ನೂ ಸೇರಿಸಿತು. 2020ರ ಜುಲೈನಲ್ಲಿ ಪ್ರಾಧಿಕಾರ ಶುರುವಾಯಿತು. ಯಾರೂ ದೂರು ಕೊಡದಿದ್ದರೂ ತಾನೇ ಎತ್ತಿಕೊಳ್ಳಬಹುದು, ಮೊದಲ ಸಲಕ್ಕೆ ₹10 ಲಕ್ಷದವರೆಗೆ, ಮತ್ತೆ ಮಾಡಿದರೆ ₹50 ಲಕ್ಷದವರೆಗೆ ದಂಡ ಹಾಕಬಹುದು. 682ರ ಲೆಕ್ಕ ಬಿಚ್ಚಲು ಸಾಧ್ಯವಾಗಿದ್ದು ಇದರಿಂದ.

'ನಂ. 1' ಎನ್ನುವ ಮಾತಿನ ಕಥೆಯೂ ಇದಕ್ಕೆ ಹತ್ತಿರದ್ದೇ. 2022ರ ಮಾರ್ಚ್‌ನಲ್ಲಿ ಪ್ರಾಧಿಕಾರ ಸೆನ್ಸೊಡೈನ್ ಟೂತ್‌ಪೇಸ್ಟ್ ಜಾಹೀರಾತಿಗೆ ₹10 ಲಕ್ಷ ದಂಡ ಹಾಕಿತು. 'ವಿಶ್ವದಾದ್ಯಂತ ದಂತವೈದ್ಯರು ಶಿಫಾರಸು ಮಾಡುತ್ತಾರೆ', 'ವಿಶ್ವದ ನಂ. 1' ಎಂದು ಅದರಲ್ಲಿತ್ತು. ಪುರಾವೆ ಕೇಳಿದಾಗ ಕಂಪನಿ ಕೊಟ್ಟಿದ್ದು ಎರಡು ಸಮೀಕ್ಷೆ. ಎರಡನ್ನೂ ಮಾಡಿದ್ದು ಭಾರತದ ದಂತವೈದ್ಯರ ನಡುವೆ ಮಾತ್ರ. ಪುರಾವೆ ಒಂದು ದೇಶದ್ದು, ಮಾತು ಇಡೀ ಜಗತ್ತಿನದು. ಜಾಹೀರಾತಿನ ಪ್ರತಿ ಪರಿಶೀಲಿಸುವವರು ಮೊದಲು ನೋಡಬೇಕಾದ್ದು ಈ ಅಳತೆಯನ್ನೇ. 'ಬಾಯಲ್ಲಿ ನೀರೂರಿಸುವ ಉಪ್ಪಿನಕಾಯಿ' ಎಂದರೆ ಯಾರೂ ಪುರಾವೆ ಕೇಳುವುದಿಲ್ಲ, ಅದು ಬಣ್ಣನೆ. 'ಕರ್ನಾಟಕದಲ್ಲಿ ಅತಿ ಹೆಚ್ಚು ಮಾರಾಟವಾಗುವ ಉಪ್ಪಿನಕಾಯಿ' ಎಂದ ಕೂಡಲೇ ಅದು ಎಣಿಸಿ ನೋಡಬಹುದಾದ ಮಾತಾಗುತ್ತದೆ. ಯಾವ ವರ್ಷ, ಯಾರ ಲೆಕ್ಕ, ಕಿಲೋದಲ್ಲೋ ರೂಪಾಯಿಯಲ್ಲೋ ಎಂದು ಹೇಳಬೇಕಾಗುತ್ತದೆ.

ಅದೇ ವರ್ಷ ಜೂನ್‌ನಲ್ಲಿ ಬಂದ ಮಾರ್ಗಸೂಚಿ ಸಣ್ಣ ಅಕ್ಷರಗಳ ಆಟಕ್ಕೂ ಕಡಿವಾಣ ಹಾಕಿತು. ಅಡಿಟಿಪ್ಪಣಿ ದೊಡ್ಡ ಮಾತನ್ನು ವಿವರಿಸಬಹುದು, ಉಲ್ಟಾ ಮಾಡುವಂತಿಲ್ಲ. ಮೇಲೆ 'ಉಚಿತ' ಎಂದು ಬರೆದು, ಕೆಳಗೆ 'ನೋಂದಣಿ ಶುಲ್ಕ ಪ್ರತ್ಯೇಕ' ಎಂದರೆ ಅದು ವಿವರಣೆ ಅಲ್ಲ. ನಮಗೆ ತುಂಬ ಬೇಕಾದ ಇನ್ನೊಂದು ನಿಯಮವೂ ಅದರಲ್ಲಿದೆ: ಮಾತು ಯಾವ ಭಾಷೆಯಲ್ಲಿದೆಯೋ ಟಿಪ್ಪಣಿಯೂ ಅದೇ ಭಾಷೆಯಲ್ಲಿರಬೇಕು. ಕನ್ನಡದಲ್ಲಿ ದೊಡ್ಡ ಆಸೆ ಹುಟ್ಟಿಸಿ, ಷರತ್ತನ್ನು ಮಾತ್ರ ಇಂಗ್ಲಿಷ್‌ನಲ್ಲಿ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಹಾಕುವ ಜಾಹೀರಾತು ಕಂಡಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಷರತ್ತು ಓದಲೇಬೇಕಾದವರಿಗೇ ಅದು ಓದಲು ಬರುವುದಿಲ್ಲ.

2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಬೇರೆಯದೇ ಮಾರ್ಗಸೂಚಿ ಬಂತು. ಫೋಟೊ ಹಾಕಿದರೆ ಆ ವಿದ್ಯಾರ್ಥಿ ಯಾವ ಕೋರ್ಸ್ ಮಾಡಿದ, ಎಷ್ಟು ದಿನ, ದುಡ್ಡು ಕೊಟ್ಟೋ ಉಚಿತವಾಗಿಯೋ ಎಂದು ಜೊತೆಗೇ ಬರೆಯಬೇಕು. ಒಪ್ಪಿಗೆಯನ್ನು ಆಯ್ಕೆಯಾದ ಮೇಲೆ ಪಡೆಯಬೇಕು, ಸೇರುವಾಗಲೇ ಫಾರಂ ಮೇಲೆ ಸಹಿ ಹಾಕಿಸಿಕೊಂಡರೆ ಆಗದು.

ಈಗ ಒಂದು ಪ್ರತಿಯನ್ನು ಕೈಗೆತ್ತಿಕೊಳ್ಳೋಣ. ಉದಾಹರಣೆಗೆ ನಾನೇ ಬರೆದದ್ದು: 'ರಾಜ್ಯದ ನಂ. 1 ಸಂಸ್ಥೆ. ಈ ಸಲ 120 ಮಂದಿ ಆಯ್ಕೆ*'. ನಂ. 1 ಯಾವುದರಲ್ಲಿ? ಆಧಾರ ಇಲ್ಲದಿದ್ದರೆ ಆ ಮಾತು ತೆಗೆಯಬೇಕು. 120 ಎಷ್ಟು ಜನರಲ್ಲಿ? 400 ಮಂದಿ ಸೇರಿದ್ದರೆ ಒಂದು ಅರ್ಥ, 6000 ಸೇರಿದ್ದರೆ ಬೇರೆಯೇ ಅರ್ಥ. ಆ 120ರಲ್ಲಿ ಪೂರ್ತಿ ಕೋರ್ಸ್ ಮಾಡಿದವರೆಷ್ಟು, ಬರೀ ಟೆಸ್ಟ್ ಸೀರೀಸ್ ಕೊಂಡವರೆಷ್ಟು? ಕೊನೆಗೆ ಆ ನಕ್ಷತ್ರ ಗುರುತಿನ ಜೋಡಿ ಎಲ್ಲಿದೆ? ಮೇಲೆ ಗುರುತಿದ್ದು ಕೆಳಗೆ ಸಾಲೇ ಇಲ್ಲದಿರುವುದೂ ಉಂಟು. ಪುಟ ಕತ್ತರಿಸಿ ಜೋಡಿಸುವಾಗ ಮೊದಲು ಕಳೆದುಹೋಗುವುದು ಅದೇ.

ಹೊರಗಿನ ಓದುಗರಿಗೆ ಸಂಸ್ಥೆಯ ರಿಜಿಸ್ಟರ್ ಸಿಗುವುದಿಲ್ಲ. ಎಲ್ಲಿ ಸಾಲು ಬಿಟ್ಟುಹೋಗಿದೆ ಎಂದು ಗುರುತಿಸುವುದಷ್ಟೇ ಸಾಧ್ಯ. ಪ್ರಾಧಿಕಾರವೂ ಜಾಹೀರಾತು ಬಂದ ಮೇಲೇ ಕೇಳುತ್ತದೆ. 2022ರ ಪರೀಕ್ಷೆಯ ಫಲಿತಾಂಶ ಬಂದಿದ್ದು 2023ರ ಮೇ ತಿಂಗಳಲ್ಲಿ, ದಂಡದ ಸುದ್ದಿ ಬಂದಿದ್ದು ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಆ ವರ್ಷದ ಬ್ಯಾಚ್‌ಗಳಿಗೆ ಎಷ್ಟೋ ಮನೆಗಳವರು ಫೀಸ್ ಕಟ್ಟಿ ಆಗಿತ್ತು. ಹಾಗಾಗಿ ಕೇಳಬೇಕಾದ್ದನ್ನು ಫೀಸ್ ಕಟ್ಟುವ ಮೊದಲೇ, ಕೌಂಟರ್‌ನಲ್ಲೇ, ಗೋಡೆಯ ಮೇಲಿನ ಫೋಟೊ ತೋರಿಸಿ ಕೇಳಿ: 'ಈ ಹುಡುಗಿ ನಿಮ್ಮಲ್ಲಿ ಯಾವ ಕೋರ್ಸ್ ಮಾಡಿದ್ರು? ಎಷ್ಟು ತಿಂಗಳು?' ಉತ್ತರ ಬರೆದುಕೊಡಲು ಒಪ್ಪದಿದ್ದರೆ ಜಾಹೀರಾತಿನ ಫೋಟೊ ತೆಗೆದಿಟ್ಟುಕೊಂಡು 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.