ಷೇರುದಾರರ ಪತ್ರಕ್ಕೆ ಕಂಪನಿಯ ಯಾವ ಪುಸ್ತಕ ತೆರೆಯುತ್ತದೆ?

ಒಂದು ಸಣ್ಣ ಪ್ರೈವೇಟ್ ಕಂಪನಿ ಇದೆ ಅಂದುಕೊಳ್ಳಿ. ಅಣ್ಣತಮ್ಮಂದಿರು ಸೇರಿ ಕಟ್ಟಿದ್ದು. ಒಟ್ಟು 10,000 ಷೇರು. ಅದರಲ್ಲಿ 1,200 ಷೇರು ಒಬ್ಬ ಅಣ್ಣನದ್ದು. ಅವರು ತೀರಿಕೊಂಡ ಮೇಲೆ ಷೇರು ಮಗಳ ಹೆಸರಿಗೆ ಬಂತು. ಆಡಳಿತ ಮಾತ್ರ ಚಿಕ್ಕಪ್ಪಂದಿರ ಕೈಯಲ್ಲೇ ಇದೆ. ಒಂದು ವರ್ಷ ಅವಳು ಕಂಪನಿಯ ವಾರ್ಷಿಕ ರಿಟರ್ನ್ ನೋಡುತ್ತಾಳೆ. ಒಟ್ಟು ಷೇರು 15,000 ಆಗಿದೆ! ಅವಳ 1,200 ಹಾಗೇ ಇದೆ, ಆದರೆ ಪಾಲು ಶೇಕಡಾ 12ರಿಂದ 8ಕ್ಕೆ ಇಳಿದಿದೆ. ಹೊಸ 5,000 ಷೇರು ಯಾರಿಗೆ ಹೋಯಿತು? ಯಾವ ಸಭೆಯಲ್ಲಿ ಒಪ್ಪಿದರು? ಅವಳಿಗೆ ಒಂದು ನೋಟಿಸೂ ಬಂದಿರಲಿಲ್ಲ.

ಇದು ಕಾಲ್ಪನಿಕ ಉದಾಹರಣೆ. ಆದರೆ ಪುಸ್ತಕ ತೋರಿಸಿ ಎಂದು ಕಂಪನಿಗೆ ಪತ್ರ ಬರೆಯುವ ಸಂದರ್ಭ ಹೀಗೇ ಬರುತ್ತದೆ. ಸುಮ್ನೆ "ನಿಮ್ಮ ಎಲ್ಲ ದಾಖಲೆ ತೋರಿಸಿ" ಎಂದು ಬರೆದರೆ ಕಂಪನಿಗೆ ಇಲ್ಲ ಅನ್ನೋದು ಸುಲಭ. ಯಾಕೆಂದರೆ ಕಾನೂನಿನಲ್ಲಿ ಎಲ್ಲ ಪುಸ್ತಕಕ್ಕೂ ಒಂದೇ ಬಾಗಿಲಿಲ್ಲ. ಅದರ ಕಾರಣ ಹಳೆಯದು.

ಸದಸ್ಯರ ರಿಜಿಸ್ಟರ್ ಎಂದರೆ ಯಾರ ಹೆಸರಲ್ಲಿ ಎಷ್ಟು ಷೇರು ಇದೆ ಎಂದು ಬರೆದಿಡುವ ಪುಸ್ತಕ. ಅದನ್ನು ಮೊದಲಿನಿಂದಲೂ ಹೊರಗಿನವರಿಗೂ ತೆರೆದಿಟ್ಟಿದ್ದಾರೆ. ಬ್ರಿಟನ್ನಿನ 1862ರ ಕಂಪನಿ ಕಾಯ್ದೆಯಲ್ಲಿ ಸದಸ್ಯರಿಗೆ ಅದು ಉಚಿತ, ಬೇರೆಯವರಿಗೆ ಒಂದು ಶಿಲ್ಲಿಂಗ್. ಆಗ ಷೇರಿನ ಪೂರ್ತಿ ಹಣ ಕಟ್ಟದೆ ಉಳಿಸಿಕೊಂಡವರು ಬಹಳ ಇರುತ್ತಿದ್ದರು. ಕಂಪನಿ ಮುಳುಗಿದರೆ ಆ ಬಾಕಿ ಹಣವೇ ಸಾಲ ಕೊಟ್ಟವರಿಗೆ ಆಸರೆ. ಹಾಗಾಗಿ ಕಂಪನಿಯ ಹಿಂದೆ ಯಾರಿದ್ದಾರೆ ಎಂದು ಹೊರಗಿನವರಿಗೂ ಗೊತ್ತಾಗಬೇಕಿತ್ತು. ಭಾರತದ 1913ರ ಕಾಯ್ದೆಯಲ್ಲೂ ಇದೇ ಏರ್ಪಾಡು ಇತ್ತು, ಶಿಲ್ಲಿಂಗ್ ಜಾಗದಲ್ಲಿ ಒಂದು ರೂಪಾಯಿ. 1956ರ ಕಾಯ್ದೆಯಲ್ಲಿ ಇದು 163ನೇ ಸೆಕ್ಷನ್ ಆಯಿತು. ಈಗಿನ 2013ರ ಕಾಯ್ದೆಯಲ್ಲಿ 94ನೇ ಸೆಕ್ಷನ್. ಹೊರಗಿನವರ ಶುಲ್ಕ ಈಗ ಒಂದು ಸಲಕ್ಕೆ 50 ರೂಪಾಯಿ ಮೀರುವಂತಿಲ್ಲ. ತಂದೆಯ ಷೇರು ಇನ್ನೂ ತಮ್ಮ ಹೆಸರಿಗೆ ಆಗದವರು ಇದನ್ನು ಗಮನಿಸಬೇಕು. "ನೀವು ಸದಸ್ಯರೇ ಅಲ್ಲ" ಎಂದು ವಾಪಸ್ ಕಳಿಸಿದರೆ, ಹೊರಗಿನವರಾಗಿಯೇ ಶುಲ್ಕ ಕಟ್ಟಿ ಈ ರಿಜಿಸ್ಟರನ್ನು ನೋಡಬಹುದು.

ನಡಾವಳಿ ಪುಸ್ತಕದ ಕಥೆ ಬೇರೆ. ಷೇರುದಾರರ ಸಾಮಾನ್ಯ ಸಭೆಯ ನಡಾವಳಿ ಷೇರುದಾರರದ್ದೇ ಮಾತುಕತೆ. ಅದಕ್ಕೇ ಅದು ಸದಸ್ಯರಿಗೆ ಮಾತ್ರ ತೆರೆದಿದೆ. 1956ರ ಕಾಯ್ದೆಯ 196ನೇ ಸೆಕ್ಷನ್ನಿನಲ್ಲಿ ಮೊದಲು ಪ್ರತಿಗೆ ನೂರು ಪದಕ್ಕೆ ಆರಾಣೆ ಅಂತ ದರ ಇತ್ತು. ಕೈಯಲ್ಲಿ ಬರೆದು ಪ್ರತಿ ಕೊಡುತ್ತಿದ್ದ ಕಾಲದ ಲೆಕ್ಕ ಅದು. ಈಗ 119ನೇ ಸೆಕ್ಷನ್ ಪ್ರಕಾರ ನೋಡುವುದು ಉಚಿತ, ಪ್ರತಿಗೆ ಪುಟಕ್ಕೆ ಹೆಚ್ಚೆಂದರೆ 10 ರೂಪಾಯಿ. ಕೇಳಿದ ಏಳು ಕೆಲಸದ ದಿನಗಳೊಳಗೆ ಪ್ರತಿ ಕೊಡಬೇಕು. ಹಿಂದಿನ ಮೂರು ಹಣಕಾಸು ವರ್ಷದ ನಡಾವಳಿಯ ಸಾಫ್ಟ್ ಕಾಪಿಗೆ ದುಡ್ಡೇ ಇಲ್ಲ. ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ.

ನಿರ್ದೇಶಕರ ಮಂಡಳಿಯ ನಡಾವಳಿಗೆ ಮಾತ್ರ ಷೇರುದಾರರಿಗೆ ಈ ಹಕ್ಕಿಲ್ಲ. ವ್ಯಾಪಾರದ ಗುಟ್ಟು, ದರ, ಮುಂದಿನ ಯೋಜನೆ ಎಲ್ಲ ಅದರಲ್ಲಿ ಇರುತ್ತದೆ. ಈ ಬೇಲಿ ಸರಿಯಾದದ್ದೇ ಅಂತ ನನಗನಿಸುತ್ತದೆ. ಆದರೆ ಪತ್ರ ಬರೆಯುವವರು ಬರೀ "ಮಿನಿಟ್ ಬುಕ್" ಎಂದು ಬರೆದು ಇಲ್ಲೇ ಎಡವುತ್ತಾರೆ. ಯಾವ ಸಭೆಯದ್ದು ಎಂದು ಹೇಳದಿದ್ದರೆ, ಮಂಡಳಿಯ ನಡಾವಳಿ ಕೊಡಲಾಗದು ಎಂಬ ಒಂದೇ ಉತ್ತರದಲ್ಲಿ ಇಡೀ ಕೋರಿಕೆ ಬಿದ್ದುಹೋಗುತ್ತದೆ.

ಹಾಗಾದರೆ ನಮ್ಮ ಮಗಳು ಏನು ಬರೆಯಬೇಕು? ನೋಂದಾಯಿತ ಕಚೇರಿಯ ವಿಳಾಸಕ್ಕೆ, ಸ್ಪೀಡ್ ಪೋಸ್ಟಿನಲ್ಲಿ, ಹೀಗೆ:

"ನಾನು ನಿಮ್ಮ ಕಂಪನಿಯಲ್ಲಿ 1,200 ಷೇರು ಹೊಂದಿರುವ ಸದಸ್ಯೆ. ನನ್ನ ಫೋಲಿಯೋ ಸಂಖ್ಯೆ ಇದು. 2013ರ ಕಂಪನಿ ಕಾಯ್ದೆಯ 94ನೇ ಸೆಕ್ಷನ್ ಪ್ರಕಾರ ಸದಸ್ಯರ ರಿಜಿಸ್ಟರನ್ನೂ, 119ನೇ ಸೆಕ್ಷನ್ ಪ್ರಕಾರ ಕಳೆದ ಮೂರು ಹಣಕಾಸು ವರ್ಷಗಳ ಸಾಮಾನ್ಯ ಸಭೆಗಳ ನಡಾವಳಿಯನ್ನೂ ನೋಡಲು ಇಂಥ ದಿನ ಬೆಳಿಗ್ಗೆ 11 ಗಂಟೆಗೆ ಬರುತ್ತೇನೆ. ಆ ದಿನ ಆಗದಿದ್ದರೆ ಬೇರೆ ದಿನ ತಿಳಿಸಿ. ನಡಾವಳಿಯ ಸಾಫ್ಟ್ ಕಾಪಿಯನ್ನೂ ಕಳಿಸಿಕೊಡಿ."

ಇಷ್ಟು ಸಾಕು. ಚಿಕ್ಕಪ್ಪನ ಮೇಲಿನ ಸಿಟ್ಟು ಪತ್ರದಲ್ಲಿ ಬೇಡ. ಯಾಕೆ ನೋಡಬೇಕು ಎಂದು ವಿವರಿಸಿ ಎಂದು ಈ ಎರಡು ಸೆಕ್ಷನ್ನುಗಳಲ್ಲಿ ಎಲ್ಲೂ ಹೇಳಿಲ್ಲ. ಸಮಯವನ್ನು ಕಂಪನಿ ಗೊತ್ತು ಮಾಡಬಹುದು, ಆದರೆ ಕೆಲಸದ ದಿನಕ್ಕೆ ಎರಡು ಗಂಟೆಗಿಂತ ಕಡಿಮೆ ಮಾಡುವಂತಿಲ್ಲ.

ಪುಸ್ತಕ ಮುಂದೆ ಬಂದಾಗ ಮೊದಲು ಹಾಳೆ ನೋಡಬೇಕು. ಪುಟಗಳಿಗೆ ಸಾಲಾಗಿ ಸಂಖ್ಯೆ ಇರಬೇಕು. ಪ್ರತಿ ಪುಟದಲ್ಲೂ ಸಹಿ ಅಥವಾ ಕಿರು ಸಹಿ, ಕೊನೆ ಪುಟದಲ್ಲಿ ಸಹಿಯ ಜೊತೆ ತಾರೀಕು ಇರಬೇಕು. ಸಭೆ ಮುಗಿದ 30 ದಿನದೊಳಗೆ ಅದು ಪುಸ್ತಕಕ್ಕೆ ಏರಿರಬೇಕು. ಟೈಪ್ ಮಾಡಿದ ಹಾಳೆಯನ್ನು ಆಮೇಲೆ ಅಂಟಿಸಿದ್ದರೆ ಅದು ನಿಯಮಕ್ಕೆ ವಿರುದ್ಧ. ಆಮೇಲೆ ವಿಷಯಕ್ಕೆ ಬರಬೇಕು. ಹೊಸ ಷೇರನ್ನು ಆಯ್ದ ಕೆಲವರಿಗೆ ಕೊಟ್ಟಿದ್ದರೆ ಸಾಮಾನ್ಯ ಸಭೆಯಲ್ಲಿ ವಿಶೇಷ ನಿರ್ಣಯ ಆಗಿರಬೇಕು. ನಡಾವಳಿಯಲ್ಲಿ ಅದು ಕಾಣದಿದ್ದರೆ, ಎಲ್ಲ ಷೇರುದಾರರಿಗೂ ಅವರವರ ಪಾಲಿಗೆ ತಕ್ಕಂತೆ ಹೊಸ ಷೇರು ಕೊಳ್ಳುವ ರೈಟ್ಸ್ ಕೊಡುಗೆ ಮಾಡಿದ್ದೆವು ಎಂದು ಕಂಪನಿ ಹೇಳಬಹುದು. ಆದರೆ ಹಾಗಿದ್ದರೆ ಅವಳಿಗೂ ಕೊಡುಗೆ ಪತ್ರ ಬಂದಿರಬೇಕಿತ್ತು, ಅಲ್ವಾ? ಷೇರು ಹಂಚಿದ ಮೇಲೆ ಕಂಪನಿಗಳ ರಿಜಿಸ್ಟ್ರಾರ್‌ಗೆ ಸಲ್ಲಿಸುವ ಪಿಎಎಸ್-3 ಫಾರಂ ಸರ್ಕಾರದ ಪೋರ್ಟಲ್ಲಿನಲ್ಲಿ ಶುಲ್ಕ ಕಟ್ಟಿದರೆ ಸಿಗುತ್ತದೆ. ಅದರಲ್ಲಿರುವ ತಾರೀಕು ರಿಜಿಸ್ಟರಿನ ತಾರೀಕಿಗೆ ಹೊಂದುತ್ತದೆಯೇ ಎಂದು ತಾಳೆ ನೋಡಬೇಕು.

ಕಂಪನಿ ತೋರಿಸಲೇ ಇಲ್ಲ ಅಂದರೆ? ಇಲ್ಲೂ ಎರಡು ದಾರಿ ಬೇರೆ ಬೇರೆ. ರಿಜಿಸ್ಟರಿಗೆ ದಿನಕ್ಕೆ 1,000 ರೂಪಾಯಿ ದಂಡ, ಗರಿಷ್ಠ ಒಂದು ಲಕ್ಷ. ತಕ್ಷಣ ತೋರಿಸಿ ಎಂದು ಆದೇಶ ಕೊಡುವ ಅಧಿಕಾರ ಕೇಂದ್ರ ಸರ್ಕಾರದ್ದು. ನಡಾವಳಿಗೆ ಪ್ರತಿ ನಿರಾಕರಣೆಗೂ ಕಂಪನಿಗೆ 25,000, ತಪ್ಪಿತಸ್ಥ ಅಧಿಕಾರಿಗೆ 5,000 ದಂಡ. ಇಲ್ಲಿ ಆದೇಶ ಕೊಡುವುದು ಎನ್‌ಸಿಎಲ್‌ಟಿ, ಅಂದರೆ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ. ಕರ್ನಾಟಕದ ಕಂಪನಿಯಾದರೆ ಅದರ ಬೆಂಗಳೂರು ಪೀಠ. ಪೋಸ್ಟಿನ ರಸೀದಿಯನ್ನು ಜೋಪಾನವಾಗಿ ಇಡಬೇಕಾದ್ದು ಇದಕ್ಕೇ.

ಈ ಹಳೆಯ ಹಕ್ಕು ಈಚೆಗೆ ಒಂದು ಕಡೆ ಕಿರಿದಾಗಿದೆ. ಬ್ರಿಟನ್ನಿನಲ್ಲಿ ಪ್ರಾಣಿಗಳ ಮೇಲಿನ ಪ್ರಯೋಗವನ್ನು ವಿರೋಧಿಸುವ ಕೆಲವರು ಷೇರುದಾರರಿಗೆ ಬೆದರಿಕೆ ಪತ್ರ ಬರೆದರು. 2006ರ ಕಾಯ್ದೆ ಅಲ್ಲಿ ಉದ್ದೇಶದ ಪರೀಕ್ಷೆ ತಂದಿತು. ರಿಜಿಸ್ಟರ್ ಕೇಳುವವರು ಕಾರಣ ಹೇಳಬೇಕು. ಕಂಪನಿ ಐದು ಕೆಲಸದ ದಿನದೊಳಗೆ ತೋರಿಸಬೇಕು, ಇಲ್ಲವೇ ಕೋರ್ಟಿಗೆ ಹೋಗಬೇಕು. ಭಾರತ ಉದ್ದೇಶ ಕೇಳುವ ದಾರಿ ಹಿಡಿಯಲಿಲ್ಲ. ಬದಲಿಗೆ 2022ರ ಆಗಸ್ಟಿನಲ್ಲಿ ನಿಯಮ ತಿದ್ದಿ, ಸದಸ್ಯರ ವಿಳಾಸ, ಇಮೇಲ್, ಪ್ಯಾನ್, ವಿಶಿಷ್ಟ ಗುರುತಿನ ಸಂಖ್ಯೆ ಈ ನಾಲ್ಕನ್ನು ಮುಚ್ಚಿತು.

ಪ್ಯಾನ್ ಮುಚ್ಚಿದ್ದು ಒಳ್ಳೆಯದೇ. ವಿಳಾಸದ ವಿಷಯದಲ್ಲಿ ನನಗೆ ಬೇಸರವಿದೆ. ಸಣ್ಣ ಪಾಲಿನವರು ಒಬ್ಬರಿಗೊಬ್ಬರು ಪತ್ರ ಬರೆದು ಒಂದಾಗಲು ಇದ್ದ ದಾರಿ ಅದೇ ಆಗಿತ್ತು. ನಮ್ಮ ಮಗಳಿಗೆ ರಿಜಿಸ್ಟರಿನಲ್ಲಿ ಮೂರು ಹೊಸ ಹೆಸರು ಕಾಣುತ್ತದೆ. ಯಾವ ದಿನ ಎಷ್ಟು ಷೇರು ಬಂತು ಎಂಬುದೂ ಕಾಣುತ್ತದೆ. ಅವರು ಎಲ್ಲಿದ್ದಾರೆ ಎಂಬುದು ಮಾತ್ರ ಕಾಣುವುದಿಲ್ಲ. ಅವರ ಗುರುತು ಪರಿಚಯ ಬೇರೆ ಎಲ್ಲೂ ಸಿಗದಿದ್ದರೆ, ಮುಂದಿನ ವಾರ್ಷಿಕ ಸಭೆಯಲ್ಲಿ ಅವರು ಎದುರಿಗೆ ಬಂದು ಕೂರುವವರೆಗೆ ಅವಳು ಕಾಯಬೇಕು.